ಎರಡು ಹೊಳೆಗಳ ನಡುವಿನ ನಾಡು: ನೆರೆಗೆ ನೆರವಾದವರಿಗೊಂದು ಕೃತಜ್ಞತೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಎರೆ ನೆಲದಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು. ಅಶೋಕನ ಹೆಸರು ಕೊರೆದ ಶಾಸನ 1915ರಲ್ಲಿ ಬೆಳಕಿಗೆ ಬಂದ ಮಸ್ಕಿ, ಜಲದುರ್ಗದ ಕೋಟೆಯೂ ಹಟ್ಟಿಯ ಚಿನ್ನದ ಗಣಿಯೂ ಇರುವ ಲಿಂಗಸುಗೂರು, ಎಡದಂಡೆ ಕಾಲುವೆ ಬಂದ ಮೇಲೆ ಭತ್ತದ ಕಣಜವಾದ ಸಿಂಧನೂರು. ಬರಗಾಲವನ್ನು ಬಲ್ಲ ಈ ಮೂರೂ ತಾಲ್ಲೂಕುಗಳು ನೆರೆಯನ್ನೂ ಕಂಡಿವೆ. ಆದರೆ ಮೂರಕ್ಕೂ ನೀರು ಬರುವ ದಾರಿ ಒಂದೇ ಅಲ್ಲ. ಹಾಗಾಗಿ ನೆರವಿಗೆ ಬಂದವರ ಕೆಲಸವೂ ಒಂದೇ ಬಗೆಯದಾಗಿರಲಿಲ್ಲ. ಯಾರು ಏನು ಮಾಡಿದರೆಂದು ಬಿಡಿಸಿ ಹೇಳಿದರೇ ಅವರಿಗೆ ಸಲ್ಲಬೇಕಾದ ಕೃತಜ್ಞತೆ ಸರಿಯಾಗಿ ಸಲ್ಲುತ್ತದೆ.

ಲಿಂಗಸುಗೂರಿಗೆ ನೆರೆ ಬರುವುದು ಮೇಲಿನಿಂದ. ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆ ಆಲಮಟ್ಟಿ ದಾಟಿ ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಊರಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ಜಲಾಶಯದಿಂದ ಬಿಡುವ ನೀರು 2 ಲಕ್ಷ ಕ್ಯೂಸೆಕ್ ದಾಟುವ ಹೊತ್ತಿಗೆ ಶೀಲಹಳ್ಳಿ ಸೇತುವೆ ಮುಳುಗಿರುತ್ತದೆ. ಜಲದುರ್ಗ, ಹಂಚಿನಾಳ, ಯರಗೋಡಿ, ಯಳಗುಂದಿ, ಕಡದರಗಡ್ಡಿಯವರಿಗೆ ಲಿಂಗಸುಗೂರಿನ ನೇರ ದಾರಿ ತಪ್ಪುತ್ತದೆ. ಹೊಳೆಯ ನಡುವಿನ ಗಡ್ಡಿಗಳಲ್ಲಿ ಕುರಿ, ಆಡು ಕಟ್ಟಿಕೊಂಡು ಬದುಕುವವರು ಅಲ್ಲಿಯೇ ಉಳಿದುಬಿಡುತ್ತಾರೆ. 2019ರ ಆಗಸ್ಟ್‌ನಲ್ಲಿ ಹೀಗೆಯೇ ಆಯಿತು. ಎನ್‌ಡಿಆರ್‌ಎಫ್‌ನವರ ದೋಣಿ ಬಂದಾಗಲೂ ಕೆಲವರು ಹತ್ತಲು ಒಪ್ಪಲಿಲ್ಲ. ಹಠದಿಂದಲ್ಲ, ವರ್ಷದ ಆದಾಯವೆಲ್ಲ ನಾಲ್ಕು ಕಾಲಿನ ಮೇಲೆ ನಿಂತಿರುವಾಗ ಅದನ್ನು ಬಿಟ್ಟು ಹೇಗೆ ಬರುವುದು?

ಇಲ್ಲಿ ಮೊದಲ ನಮಸ್ಕಾರ ಹೊಳೆ ಬಲ್ಲವರಿಗೆ. ಯಂತ್ರದ ದೋಣಿ ನಡೆಸುವವರಿಗೆ ನೀರಿನಡಿಯ ಬಂಡೆ ಕಾಣುವುದಿಲ್ಲ. ಎಲ್ಲಿ ಸುಳಿ, ಎಲ್ಲಿ ಜಾಲಿ ಮುಳ್ಳಿನ ಪೊದೆ ಮುಳುಗಿದೆ, ಯಾವ ಕಡೆಯಿಂದ ಹೊರಟರೆ ಸೆಳೆತ ತಾನೇ ದಡಕ್ಕೆ ತಂದುಬಿಡುತ್ತದೆ ಎಂಬುದು ದಿನವೂ ಹರಿಗೋಲು ಹಾಕುವವರಿಗೆ ಗೊತ್ತು. ಎರಡನೆಯ ನಮಸ್ಕಾರ ಮೇವು ಕಳಿಸಿದವರಿಗೆ. ಮನುಷ್ಯರಿಗೆ ಗಂಜಿ ಕೇಂದ್ರ ತೆರೆಯುವುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ದನಕ್ಕೆ ಹೊಟ್ಟು, ಕಣಿಕೆ ಸಿಕ್ಕರೆ ಮಾತ್ರ ಅದರ ಒಡೆಯ ಕೇಂದ್ರದಲ್ಲಿ ನೆಮ್ಮದಿಯಿಂದ ಉಣ್ಣುತ್ತಾನೆ.

ಮಸ್ಕಿಯದು ಹಳ್ಳದ ನೆರೆ. ವರ್ಷದ ಬಹುಕಾಲ ದಾಟಿ ಹೋಗಬಹುದಾದ ಮಸ್ಕಿ ಹಳ್ಳ ಜೋರು ಮಳೆ ಬಂದರೆ ಕೆಲವೇ ತಾಸಿನಲ್ಲಿ ತುಂಬಿ ಹರಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಹಳ್ಳದ ನಡುವೆ ಸಿಲುಕಿದ ಇಬ್ಬರನ್ನು ಹಗ್ಗದ ನೆರವಿನಿಂದ ಕರೆತರುವ ಯತ್ನ ನಡೆದು, ಒಬ್ಬರು ಕೊಚ್ಚಿಹೋದರು. ಹಳ್ಳದ ನೀರು ಮೊಣಕಾಲಿನಷ್ಟೇ ಇದ್ದರೂ ಸೆಳೆತ ಹೆಚ್ಚಿದ್ದರೆ ನಿಂತ ಮನುಷ್ಯನ ಕಾಲು ಕೀಳುತ್ತದೆ. ಆದ್ದರಿಂದ ಇಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸೇವೆ ಕಣ್ಣಿಗೆ ಬೀಳದ್ದು: ರಾತ್ರಿ ಸೇತುವೆಯ ಎರಡೂ ತುದಿಯಲ್ಲಿ ಕಲ್ಲು ಅಡ್ಡ ಇಟ್ಟು, ಬೈಕು ಟ್ರ್ಯಾಕ್ಟರುಗಳನ್ನು ಹಿಂದಕ್ಕೆ ಕಳಿಸುತ್ತ, ಬೈಸಿಕೊಂಡು ನಿಂತ ಹುಡುಗರದು. ಅವರು ಉಳಿಸಿದ ಜೀವಗಳ ಲೆಕ್ಕ ಯಾರಲ್ಲೂ ಇಲ್ಲ.

ಸಿಂಧನೂರಿನ ನೆರೆ 2009ರದು. ಸೆಪ್ಟೆಂಬರ್ ಕೊನೆಗೆ ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಈ ಒಣನೆಲದ ಮೇಲೆಯೇ ಬಂದು ಸುರಿಯಿತು. ಹಳ್ಳಗಳೆಲ್ಲ ಒಟ್ಟಿಗೆ ತುಂಬಿ ತುಂಗಭದ್ರೆಗೆ ಬಿದ್ದವು. ಅಕ್ಟೋಬರ್ ಮೊದಲ ವಾರ ಕೆಳಗೆ ಮಂತ್ರಾಲಯ, ಕರ್ನೂಲು ಮುಳುಗಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಹೊಳೆಯಲ್ಲ, ಮೈಮೇಲೆ ಬಿದ್ದ ಮನೆ.

ನಮ್ಮ ಮಣ್ಣಿನ ಮಾಳಿಗೆ ಮನೆಯನ್ನು ನೋಡಿದರೆ ಅದರ ಕಾರಣ ತಿಳಿಯುತ್ತದೆ. ಕಲ್ಲು–ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೊಪ್ಪು ಹಾಸಿ ಒಂದು ಮೊಳದಷ್ಟು ಮಣ್ಣು. ಬಿಸಿಲಿಗೆ ಇದರಂಥ ತಂಪು ಬೇರೆ ಇಲ್ಲ. ಒಂದೆರಡು ದಿನದ ಮಳೆಯನ್ನೂ ತಡೆಯುತ್ತದೆ. ಆದರೆ ಮಳೆ ಹಗಲೂ ರಾತ್ರಿ ನಿಲ್ಲದಿದ್ದರೆ ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಮೇಲಿನ ಹೊರೆ ಹೆಚ್ಚುತ್ತಿರುವಾಗಲೇ ಹೊರುವ ಶಕ್ತಿ ಕಡಿಮೆಯಾಗುತ್ತ ಬರುತ್ತದೆ. ಜಂತಿಯ ಸಂದಿನಿಂದ ಮಣ್ಣು ಉದುರುವುದು, ಗೋಡೆ ಹೊಟ್ಟೆ ಬಿಡುವುದು, ನಿನ್ನೆ ಸರಾಗವಾಗಿದ್ದ ಬಾಗಿಲು ಇಂದು ಬಿಗಿಯಾಗುವುದು: ಈ ಮೂರರಲ್ಲಿ ಒಂದು ಕಂಡರೂ ಹೊರಗೆ ಬರಬೇಕು. ಮಳೆ ನಿಂತಿತೆಂದು ಒಳಗೆ ಹೋಗಿ ಮಲಗುವುದೂ ಅಪಾಯವೇ. ನೆನೆದ ಗೋಡೆ ಒಣಗುವಾಗಲೂ ಬಿರಿದು ಬೀಳುತ್ತದೆ.

ಇಂಥ ಒಂದು ಮನೆ ಬಿದ್ದ ಮೇಲೆ ಸ್ವಯಂಸೇವಕರ ಕೆಲಸ ಹೇಗೆ ಸಾಗುತ್ತದೆಂದು ನೋಡಿದರೆ ಅವರ ಶ್ರಮ ಅರ್ಥವಾಗುತ್ತದೆ. ಮೊದಲು ಉಳಿದ ಗೋಡೆಗೆ ಊರೆ ಕೊಟ್ಟು, ಬಿದ್ದ ಮಾಳಿಗೆಯ ಮಣ್ಣನ್ನು ಮೇಲಿನಿಂದ ಬುಟ್ಟಿ ಬುಟ್ಟಿಯಾಗಿ ತೆಗೆಯಬೇಕು; ತೊಲೆಯನ್ನು ಎಳೆದರೆ ಉಳಿದದ್ದೂ ಕುಸಿಯುತ್ತದೆ. ಅಡಿಯಲ್ಲಿ ಸಿಗುವ ಜೋಳ ಮೊಳಕೆಯೊಡೆದಿರುತ್ತದೆ. ಅದರಲ್ಲಿ ಕೆಡದೆ ಉಳಿದದ್ದನ್ನು, ಕೊಳೆತದ್ದನ್ನು ಬೇರೆ ಮಾಡಬೇಕು. ಪೆಟ್ಟಿಗೆಯಲ್ಲಿನ ರೇಷನ್ ಕಾರ್ಡು, ಪಹಣಿ, ಪಾಸ್‌ಬುಕ್ಕುಗಳನ್ನು ಹಾಳೆ ಹಾಳೆ ಬಿಡಿಸಿ ನೆರಳಲ್ಲಿ ಒಣಗಿಸಬೇಕು. ಸೇದುವ ಬಾವಿಯ ನೀರನ್ನು ಅಳೆದು, 1000 ಲೀಟರಿಗೆ 2.5 ಗ್ರಾಮಿನ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿಯನ್ನು ಬಕೀಟಿನಲ್ಲಿ ಕಲಸಿ, ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಒಂದು ತಾಸು ಯಾರೂ ನೀರು ಸೇದದಂತೆ ಕಾಯಬೇಕು. ಬಗ್ಗಡ ನೀರಿಗೆ ಈ ಅಳತೆ ಸಾಲದು. ಇವೆಲ್ಲ ಫೋಟೋಕ್ಕೆ ಸಿಗುವ ಕೆಲಸಗಳಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ ತಾಯಂದಿರಿಗೂ, ಹಿಡಿ ಹಿಡಿ ಅಕ್ಕಿ ಕೂಡಿಸಿದ ಹಳ್ಳಿಗಳಿಗೂ, ಬಾವಿಯ ದಂಡೆಯಲ್ಲಿ ಕಾದು ಕುಳಿತವರಿಗೂ ನಮ್ಮ ಕೃತಜ್ಞತೆ ಒಂದೇ ತೂಕದ್ದು.

ಇನ್ನೊಂದು ಸೇವೆಯನ್ನು ಮರೆಯಬಾರದು: ಮಣ್ಣು ತೆಗೆಯುವ ಮೊದಲೇ ಬಿದ್ದ ಮನೆಯ ನಾಲ್ಕೂ ಕಡೆಯ ಚಿತ್ರ ತೆಗೆದಿಟ್ಟವರದು. ಸಮೀಕ್ಷೆಗೆ ಬರುವವರು ಕಾಣುವುದು ಅಂದಿನ ಸ್ಥಿತಿಯನ್ನಷ್ಟೇ. ಅವಸರದಲ್ಲಿ ಅಂಗಳ ಹಸನು ಮಾಡಿದ ಮನೆ ‘ಭಾಗಶಃ ಹಾನಿ’ ಎಂದು ಬರೆದುಹೋಗಬಹುದು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಾನಿಯ ದರ್ಜೆ ಒಂದು ಇಳಿದರೆ ಆ ಕುಟುಂಬದ ಮುಂದಿನ ಹತ್ತು ವರ್ಷ ಬದಲಾಗುತ್ತದೆ.

ಉಳಿದಿರುವ ಕೆಲಸ ಇಲ್ಲಿಂದಲೇ ಶುರುವಾಗುತ್ತದೆ. ಮನೆಯ ಹಣ ಕಂತಿನಲ್ಲಿ ಬರುತ್ತದೆ. ತಳಪಾಯ ಹಾಕಿ ಚಿತ್ರ ಕೊಟ್ಟರೆ ಮುಂದಿನ ಕಂತು. ಕೂಲಿಯವನಿಗೆ ಆ ತಳಪಾಯದ ಹೊತ್ತಿಗೇ ಕೈ ಖಾಲಿ. ಅಂಥವರಿಗೆ ಎರಡು ದಿನ ಗುದ್ದಲಿ ಹಿಡಿಯುವ ಕೈಗಳು, ಪಂಚಾಯ್ತಿಗೆ ಜೊತೆಗೆ ಹೋಗುವ ಒಬ್ಬ ಓದುಬರಹ ಬಲ್ಲವರು ಬೇಕು. 2009ರ ನಂತರ ದಾನಿಗಳ ಜೊತೆ ಸೇರಿ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಊರುಗಳ ಅನುಭವವೂ ಒಂದು ಪಾಠ: ದನ ಕಟ್ಟಲು, ಹೊಟ್ಟು ಒಟ್ಟಲು, ಹೊಲಕ್ಕೆ ನಡೆದುಹೋಗಲು ಅನುಕೂಲವಿಲ್ಲದ ಕಡೆ ಗಟ್ಟಿ ಮನೆಯಿದ್ದರೂ ರೈತ ನೆಲೆ ನಿಲ್ಲುವುದು ಕಷ್ಟ.

ಸ್ವಯಂಸೇವಕರ ಕೈಯಲ್ಲಿ ಆಗದ ಕೆಲಸವೂ ಇದೆ. ಗಡ್ಡಿಗಳಿಗೆ ಮುಳುಗದ ಸೇತುವೆ, ಹಳ್ಳದ ಪಾತ್ರದಲ್ಲಿನ ಜಾಲಿ ಮತ್ತು ಹೂಳು ತೆಗೆಯುವುದು, ನೀರು ಬಿಡುವ ಮುನ್ನ ದಂಡೆಯ ಕೊನೆಯ ಗುಡಿಸಲಿಗೂ ಸುದ್ದಿ ಮುಟ್ಟಿಸುವುದು. ಇವು ಸರ್ಕಾರದವು. ಪ್ರತಿ ನೆರೆಯಲ್ಲೂ ಹುಡುಗರು ಜೀವ ಪಣಕ್ಕಿಟ್ಟು ಈ ಕೊರತೆ ತುಂಬುತ್ತಾರೆಂದು ಸುಮ್ಮನಿದ್ದರೆ ಅದು ಅವರಿಗೆ ಮಾಡುವ ಅನ್ಯಾಯ. ಊರಿನವರಾಗಿ ನಾವು ಮಾಡಬೇಕಾದದ್ದು ರೋಹಿಣಿ ಮಳೆಗೆ ಮುಂಚೆಯೇ ಮುಗಿಯಬೇಕು: ಊರಿನ ಮಾಳಿಗೆ ಮನೆಗಳನ್ನು ಎಣಿಸಿ ಗೋಡೆಯ ಬುಡ ನೋಡುವುದು, ಜೋರು ಮಳೆಯ ರಾತ್ರಿಗೆ ಶಾಲೆಯ ಕೀಲಿ ಯಾರಲ್ಲಿರುತ್ತದೆಂದು ಗೊತ್ತು ಮಾಡುವುದು, ಹರಿಗೋಲಿನವರಿಗೆ ಈಜುಕವಚ ಮತ್ತು ಗಟ್ಟಿ ಹಗ್ಗ ಕೊಡಿಸುವುದು. ನೆರವಿಗೆ ಬಂದವರಿಗೆ ಹಾಕುವ ಶಾಲು ಹಾರದ ಹಣ ಮೊದಲು ಆ ಹಗ್ಗಕ್ಕೆ ಹೋಗಲಿ.