ಸ್ಥಿತಿಚಿತ್ರದ ಪರಿಶೀಲನೆ

ಪರಿಮಿತ ಆಟೊಮ್ಯಾಟದ ಕೈಬರಹದ ಚಿತ್ರದಲ್ಲಿ ಬಿಟ್ಟುಹೋದ ಬಾಣಗಳನ್ನೂ ತಪ್ಪಾಗಿ ಗುರುತಿಸಿದ ಸ್ವೀಕಾರ ಸ್ಥಿತಿಗಳನ್ನೂ ಪತ್ತೆಹಚ್ಚುವ ಕ್ರಮ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಐದನೇ ಸೆಮಿಸ್ಟರಿನಲ್ಲಿ ಇಂಥ ಚಿತ್ರಗಳನ್ನು ಬರೆಯುತ್ತಾರೆ.

0 ಮತ್ತು 1 ಅಕ್ಷರಗಳಲ್ಲಿ, 01ರಿಂದ ಮುಗಿಯುವ ಸಾಲುಗಳನ್ನು ಮಾತ್ರ ಒಪ್ಪುವ ಡಿಎಫ್‌ಎ ನೋಡೋಣ. q0 ಆರಂಭದ ಸ್ಥಿತಿ. q1 ಎಂದರೆ ಕೊನೆಯದು 0. q2 ಎಂದರೆ ಕೊನೆಯ ಎರಡು 01. ಮೂರು ಸ್ಥಿತಿ, ಎರಡು ಅಕ್ಷರ, ಆದ್ದರಿಂದ ಆರು ಚಲನೆಗಳು ಬೇಕು. ಒಟ್ಟು ಆರಿದ್ದರೆ ಸಾಲದು: q1ರಿಂದ 1ಕ್ಕೆ ಎರಡು ಬಾಣ ಹೊರಟು q2ರಲ್ಲಿ ಒಂದು ಇಲ್ಲದಿದ್ದರೂ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಪ್ರತಿ ವೃತ್ತದ ಬಳಿ ನಿಂತು, 0ಕ್ಕೆ ಒಂದೇ, 1ಕ್ಕೆ ಒಂದೇ ಬಾಣ ಹೊರಟಿದೆಯೇ ಎಂದು ನೋಡಬೇಕು. ಉತ್ತರ ಸಿಕ್ಕಿತೆಂದು ಕೈ ನಿಲ್ಲುವುದು q2ರಲ್ಲೇ. ಅಲ್ಲಿಂದ 0ಕ್ಕೆ q1, 1ಕ್ಕೆ q0 ಸೇರಬೇಕು. ಎನ್‌ಎಫ್‌ಎ ಆದರೆ ಬಾಣವಿಲ್ಲದಿರುವುದು ತಪ್ಪಲ್ಲ.

ಜೋಡಿ ವೃತ್ತದ ಪರೀಕ್ಷೆಗೆ ಪ್ರತಿ ಸ್ಥಿತಿಯನ್ನು ತಲುಪುವ ಅತಿ ಚಿಕ್ಕ ಸಾಲನ್ನು ಬರೆದುಕೊಳ್ಳಬೇಕು: q0ಗೆ ಖಾಲಿ ಸಾಲು, q1ಗೆ 0, q2ಗೆ 01. ಕೊನೆಯದು ಮಾತ್ರ ಭಾಷೆಗೆ ಸೇರಿದ್ದು, ಜೋಡಿ ವೃತ್ತವೂ ಅದಕ್ಕೊಂದೇ.

ಇಷ್ಟಕ್ಕೇ ನಿಲ್ಲಬಾರದು. q2ರ ಮೇಲೆ 1ಕ್ಕೆ ಸುತ್ತುಬಾಣ ಹಾಕಿದವರಿಗೂ ಈ ಮೂರು ಸಾಲುಗಳು ಸರಿಯಾಗಿಯೇ ಕಾಣುತ್ತವೆ. 011 ಕೊಟ್ಟಾಗಲೇ ತಪ್ಪು ಹೊರಬೀಳುತ್ತದೆ. ಅಲ್ಲಿ ಕೆಟ್ಟಿರುವುದು ಬಾಣ, ಗುರುತಲ್ಲ.

‘01ರಿಂದ ಮುಗಿಯದ’ ಸಾಲುಗಳು ಬೇಕೆಂದರೆ ಗುರುತುಗಳನ್ನು ಅದಲುಬದಲು ಮಾಡಿ q0, q1ಗಳಿಗೆ ಜೋಡಿ ವೃತ್ತ ಹಾಕಬಹುದು. ಆದರೆ ಆರೂ ಬಾಣಗಳಿದ್ದರೆ ಮಾತ್ರ: q2ರಿಂದ 1ರ ಬಾಣ ಬಿಟ್ಟಿದ್ದರೆ, ಒಪ್ಪಬೇಕಾದ 011 ದಾರಿಯಲ್ಲೇ ನಿಂತುಹೋಗುತ್ತದೆ.