ಕಂಬಿಗೆ ಕಂಬಿ ಜೋಡಿಸೋದು ಹೇಗೆ? ಲ್ಯಾಪ್‌ನಿಂದ ಕಪ್ಲರ್‌ವರೆಗಿನ ಕಥೆ

ಇವತ್ತಿನ ಸಂಚಿಕೆ ಕೇಳೋಕೆ ಮುಂಚೆ ಒಂದು ದೃಶ್ಯ ನೆನಪಿಸಿಕೊಳ್ಳಿ. ನಿಮ್ಮ ಬೀದಿಯಲ್ಲಿ ಯಾರೋ ಮನೆ ಕಟ್ಟಿಸ್ತಾ ಇದ್ದಾರೆ. ಮೊದಲನೇ ಮಹಡಿ ಮೋಲ್ಡ್ ಆಗಿದೆ. ಅದರ ಮೇಲೆ ಪ್ರತಿ ಕಾಲಂ ಇರುವ ಕಡೆ ನಾಲ್ಕೈದು ಕಂಬಿಗಳು ಎರಡು ಅಡಿ ಎತ್ತರಕ್ಕೆ ಆಕಾಶ ನೋಡ್ತಾ ನಿಂತಿವೆ. ಮೇಲಿನ ಮಹಡಿಗೆ ಹೋಗುವ ಹೊಸ ಕಂಬಿಯನ್ನ ಇವುಗಳ ಪಕ್ಕ ನಿಲ್ಲಿಸಿ, ಬೈಂಡಿಂಗ್ ವೈರ್‌ನಿಂದ ಕಟ್ಟಿ, ಕಾಂಕ್ರೀಟ್ ಹಾಕ್ತಾರೆ. ಇದಕ್ಕೆ ಲ್ಯಾಪ್ ಅಂತಾರೆ.

ನಾನು ಸಿವಿಲ್ ಓದಿ ಸೈಟಿಗೆ ಹೋದ ಹೊಸದರಲ್ಲಿ, ಆ ಬೈಂಡಿಂಗ್ ವೈರೇ ಎರಡು ಕಂಬಿಗಳನ್ನ ಹಿಡಿದುಕೊಂಡಿರುತ್ತೆ ಅನ್ನೋ ಭಾವನೆ ನನ್ನ ತಲೆಯಲ್ಲೂ ಎಲ್ಲೋ ಇತ್ತು. ಹಾಗಿಲ್ಲ. ವೈರ್ ಇರೋದು ಕಾಂಕ್ರೀಟ್ ಹಾಕುವವರೆಗೆ ಕಂಬಿ ಅಲುಗಾಡದೆ ಇರಲಿ ಅಂತ ಮಾತ್ರ. ಆಮೇಲೆ ಒಂದು ಕಂಬಿಯ ಬಲ ಮೊದಲು ಸುತ್ತಲಿನ ಕಾಂಕ್ರೀಟಿಗೆ ಹೋಗಬೇಕು, ಅಲ್ಲಿಂದ ಪಕ್ಕದ ಕಂಬಿಗೆ ದಾಟಬೇಕು. ಅಂದ್ರೆ ಲ್ಯಾಪ್‌ನಲ್ಲಿ ಕಬ್ಬಿಣಕ್ಕೂ ಕಬ್ಬಿಣಕ್ಕೂ ನೇರ ಸಂಬಂಧವೇ ಇಲ್ಲ. ಮಧ್ಯವರ್ತಿ ಕಾಂಕ್ರೀಟು. ಆ ಮಧ್ಯವರ್ತಿ ಕೈಕೊಟ್ಟರೆ ಏನಾಗುತ್ತೆ ಅನ್ನೋದೇ ಇವತ್ತಿನ ಇತಿಹಾಸ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ, ಭಯ ಬೇಡ. 12 ಮಿ.ಮೀ. ಕಂಬಿ ಇದೆ, 32 ಮಿ.ಮೀ. ಕಂಬಿ ಇದೆ. ಎರಡೂ ಫೆ 500 ದರ್ಜೆಯವು. ಜಗ್ಗುವ ಹಂತಕ್ಕೆ ಬರುವಾಗ ಸಣ್ಣ ಕಂಬಿ ಹೊರುವುದು ಸುಮಾರು 6 ಟನ್, ದಪ್ಪ ಕಂಬಿ ಹೊರುವುದು ಸುಮಾರು 41 ಟನ್. ಬಲ ಏಳು ಪಟ್ಟು ಹೆಚ್ಚಾಯ್ತು. ಆದರೆ ಕಾಂಕ್ರೀಟು ಹಿಡಿದುಕೊಳ್ಳುವ ಮೈ ಎಷ್ಟು ಹೆಚ್ಚಾಯ್ತು? ಒಂದಡಿ ಉದ್ದಕ್ಕೆ ನೋಡಿದ್ರೆ ಬರೀ ಎರಡೂವರೆ ಪಟ್ಟು ಚಿಲ್ಲರೆ. ಹಾಗಾಗಿ ದಪ್ಪ ಕಂಬಿಗೆ ಉದ್ದ ಹಿಡಿತ ಬೇಕೇ ಬೇಕು. ನಮ್ಮ ಐಎಸ್ 456 ಸಂಹಿತೆಯ ಸೂತ್ರದಲ್ಲಿ ಎಂ 30 ಕಾಂಕ್ರೀಟಿಗೆ ಹಾಕಿ ನೋಡಿದ್ರೆ ಲ್ಯಾಪ್ ಉದ್ದ ಕಂಬಿಯ ದಪ್ಪದ 45 ಪಟ್ಟು ಬರುತ್ತೆ. 12ಕ್ಕೆ ಅರ್ಧ ಮೀಟರ್ ಚಿಲ್ಲರೆ. 32ಕ್ಕೆ 1.45 ಮೀಟರ್, ಹತ್ತಿರ ಹತ್ತಿರ ಐದಡಿ.

ತೂಕದಲ್ಲಿ ನೋಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. 12 ಮಿ.ಮೀ. ಕಂಬಿಯ ಒಂದು ಲ್ಯಾಪ್‌ಗೆ ಖರ್ಚಾಗುವ ಉಕ್ಕು ಅರ್ಧ ಕೆಜಿ. 32 ಮಿ.ಮೀ. ಕಂಬಿಯ ಒಂದು ಲ್ಯಾಪ್‌ಗೆ 9 ಕೆಜಿ. ಕೆಜಿಗೆ 60 ರೂಪಾಯಿ ಅಂತ ಇಟ್ಟುಕೊಂಡ್ರೂ ಒಂದೊಂದು ಜೋಡಣೆಗೆ 540 ರೂಪಾಯಿಯ ಕಂಬಿ ಬರೀ ಪಕ್ಕದಲ್ಲಿ ನಿಲ್ಲೋಕೆ ಹೋಯ್ತು. ಮನೆ ಕಾಲಂಗೆ ಲ್ಯಾಪ್ ಅಗ್ಗ, ಮೆಟ್ರೋ ಕಂಬಕ್ಕೆ ದುಬಾರಿ ಅನ್ನೋದರ ಗುಟ್ಟು ಇಷ್ಟೇ.

ಆದರೆ ದುಡ್ಡು ದೊಡ್ಡ ಸಮಸ್ಯೆ ಅಲ್ಲ. ಕಂಬಿ ಮೇಲೆ ಉಬ್ಬು ಗೆರೆಗಳು ಇರ್ತವಲ್ಲ, ಕಂಬಿಯನ್ನ ಎಳೆದಾಗ ಅವು ಕಾಂಕ್ರೀಟನ್ನ ಬೆಣೆ ಹೊಡೆದ ಹಾಗೆ ಹೊರಕ್ಕೆ ತಳ್ಳುತ್ತವೆ. ಸೌದೆ ಸೀಳೋದನ್ನ ನೆನೆಸ್ಕೊಳ್ಳಿ. ಬಲ ಜಾಸ್ತಿಯಾದಷ್ಟೂ ಕಾಂಕ್ರೀಟು ಕಂಬಿಯ ಉದ್ದಕ್ಕೂ ಸೀಳಿ ಬಿಡುತ್ತೆ. ಅದನ್ನ ತಡೆಯೋದು ಸುತ್ತ ಹಾಕಿರುವ ರಿಂಗ್‌ಗಳು. ರಿಂಗ್ ವಿರಳವಾಗಿದ್ದರೆ ಲ್ಯಾಪ್ ಬಿಚ್ಚಿಕೊಳ್ಳುತ್ತೆ.

ಇದನ್ನ ಜಗತ್ತಿಗೆ ತೋರಿಸಿದ್ದು ಕ್ಯಾಲಿಫೋರ್ನಿಯಾ. 1971ರ ಫೆಬ್ರವರಿ 9, ಬೆಳಗಿನ ಆರು ಗಂಟೆ. ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಫರ್ನಾಂಡೋದಲ್ಲಿ ಭೂಕಂಪ ಆಯ್ತು. ಹೆದ್ದಾರಿ 5 ಮತ್ತು 210 ಸೇರುವ ಜಾಗದ ಮೇಲ್ಸೇತುವೆ ಕುಸಿದು, ಕೆಳಗೆ ಪಿಕಪ್ ವಾಹನದಲ್ಲಿ ಹೋಗ್ತಿದ್ದ ಇಬ್ಬರು ಸತ್ತರು. ಎಂಜಿನಿಯರುಗಳು ಹೋಗಿ ನೋಡಿದಾಗ ಒಂದು ವಿಚಿತ್ರ ಕಾಣಿಸ್ತು. ಬಿದ್ದ ಕಂಬದ ದಪ್ಪ ಕಂಬಿಗಳು ತುಂಡಾಗಿರಲಿಲ್ಲ. ನೆಲದಿಂದ ಕ್ಯಾರೆಟ್ ಕಿತ್ತ ಹಾಗೆ ಬುನಾದಿಯಿಂದ ಹೊರಗೆ ಬಂದಿದ್ದವು. ಉಕ್ಕು ಸೋತಿರಲಿಲ್ಲ, ಹಿಡಿತ ಸೋತಿತ್ತು.

ಆ ಕಾಲದಲ್ಲಿ ಅಲ್ಲಿನ ಸೇತುವೆಗಳನ್ನ ಕಟ್ಟುವ ರೂಢಿ ಹೀಗಿತ್ತು. ಫುಟಿಂಗ್‌ನಿಂದ ಕಂಬಿಗಳನ್ನ ಮೇಲಕ್ಕೆ ಬಿಡೋದು, ಕಂಬದ ಬುಡದಲ್ಲೇ ಹೊಸ ಕಂಬಿಗೆ ಲ್ಯಾಪ್ ಕೊಡೋದು. ಲ್ಯಾಪ್ ಉದ್ದ ಕಂಬಿ ದಪ್ಪದ 20 ಪಟ್ಟು ಮಾತ್ರ. ರಿಂಗ್ ಹಾಕ್ತಿದ್ದದ್ದು ಅಡಿಗೊಂದು, ಅದೂ ನಮ್ಮ ಮನೆ ಕೆಲಸಕ್ಕೆ ಬಳಸುವ 12 ಮಿ.ಮೀ. ದಪ್ಪದ್ದು. ಅಲ್ಲಿನ ಅತಿ ದಪ್ಪ ಕಂಬಿ 57 ಮಿ.ಮೀ. ಇಪ್ಪತ್ತು ಪಟ್ಟು ಅಂದ್ರೆ 1.14 ಮೀಟರ್. ಅಷ್ಟು ಉದ್ದದಲ್ಲಿ ಸೀಳನ್ನ ತಡೆಯೋಕೆ ಇದ್ದದ್ದು ನಾಲ್ಕೇ ನಾಲ್ಕು ರಿಂಗ್!

ಜಾಗವೂ ತಪ್ಪು. ಭೂಕಂಪದಲ್ಲಿ ಕಂಬ ಅತಿ ಹೆಚ್ಚು ಬಾಗೋದು ಬುಡದಲ್ಲಿ, ತುದಿಯಲ್ಲಿ. ಮೊದಲು ಬಿರುಕು ಬಿಟ್ಟು ಉದುರೋದೂ ಅಲ್ಲಿನ ಕಾಂಕ್ರೀಟೇ. ಮಧ್ಯವರ್ತಿ ಮೊದಲು ಓಡಿಹೋಗುವ ಜಾಗದಲ್ಲೇ ಅವನ ಮೇಲೆ ಪೂರ್ತಿ ಭಾರ ಹಾಕಿದ್ದರು.

ಆಮೇಲೆ ಮಾಡಿದ ರಿಪೇರಿ ನೋಡಿದ್ರೆ ಕಾರಣ ಸ್ಪಷ್ಟ ಆಗುತ್ತೆ. ಹಳೇ ಕಂಬಗಳಿಗೆ ಉಕ್ಕಿನ ತಗಡಿನ ಕವಚ ತೊಡಿಸಿ, ಸಂದಿಗೆ ಗ್ರೌಟ್ ತುಂಬಿದರು. ಒಳಗಿನ ಲ್ಯಾಪ್ ಅದೇ, ಕಂಬಿ ಅದೇ. ಬದಲಾದದ್ದು ಸೀಳೋಕೆ ಬಿಡದ ಹೊರಗಿನ ಬಿಗಿತ ಮಾತ್ರ. 1994ರ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಆ ಕವಚದ ಕಂಬಗಳು ಚೆನ್ನಾಗಿ ನಿಂತವು.

ಹೊಸ ಕಂಬಗಳಿಗೆ ಬೇರೆ ದಾರಿ ಆಗಲೇ ಇತ್ತು. 1960ರ ದಶಕದ ಕೊನೆಯಲ್ಲಿ ಹವಾಯಿಯ ಎಂಜಿನಿಯರ್ ಆಲ್ಫ್ರೆಡ್ ಯೀ ಅವರಿಗೆ ಒಂದು ತಲೆನೋವು ಎದುರಾಗಿತ್ತು. ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದ ಕಾಲಂಗಳನ್ನ ಒಂದರ ಮೇಲೊಂದು ಇಡಬೇಕು, ಲ್ಯಾಪ್‌ಗೆ ಜಾಗವೇ ಇಲ್ಲ. ಅವರು ಒಂದು ಲೋಹದ ಕೊಳವೆ ಮಾಡಿದರು. ಎರಡೂ ಕಡೆಯಿಂದ ಕಂಬಿ ಒಳಗೆ ಹೋಗಬೇಕು, ನಡುವೆ ಗಟ್ಟಿ ಗ್ರೌಟ್ ತುಂಬಬೇಕು. ಹೊನೊಲುಲುವಿನ ಅಲಾ ಮೋವಾನಾ ಹೋಟೆಲ್‌ನ ಕಾಲಂಗಳಿಗೆ ಅದನ್ನ ಬಳಸಿದರು. ಇವತ್ತು ನಮ್ಮ ಸೈಟುಗಳಲ್ಲಿ ಹೆಚ್ಚಾಗಿ ಕಾಣೋದು ಅದರ ಸೋದರ ಸಂಬಂಧಿ, ಮರೆ ಇರುವ ಕಪ್ಲರ್. ಕಂಬಿಯ ತುದಿಗೆ ನಲ್ಲಿ ಪೈಪಿನ ಥರ ಮರೆ ಹೊಡೆದು, ಒಳಗೆ ಮರೆ ಇರುವ ಉಕ್ಕಿನ ತುಂಡಿಗೆ ಎರಡೂ ಕಡೆಯಿಂದ ತಿರುಗಿಸಿ ಬಿಗಿಯೋದು. ಬಲ ಈಗ ಉಕ್ಕಿನಿಂದ ಉಕ್ಕಿಗೆ ನೇರವಾಗಿ ಹೋಗುತ್ತೆ.

ಮರೆ ಹೊಡೆದರೆ ಕಂಬಿ ಸಣ್ಣ ಆಗಲ್ವಾ ಅಂತ ನೀವು ಕೇಳಬಹುದು. ಹೌದು, ಆಗುತ್ತೆ. ಅದಕ್ಕೇ ಒಂದು ವಿಧಾನದಲ್ಲಿ ಕಂಬಿಯ ತುದಿಯನ್ನ ಮೊದಲು ಯಂತ್ರದಲ್ಲಿ ಒತ್ತಿ ದಪ್ಪ ಮಾಡ್ಕೊಂಡು, ಆಮೇಲೆ ಮರೆ ಕತ್ತರಿಸ್ತಾರೆ. ಪರೀಕ್ಷೆಯಲ್ಲಿ ಎಳೆದಾಗ ಕಂಬಿ ತುಂಡಾಗಬೇಕು, ಜೋಡಣೆ ಅಲ್ಲ.

ಭಾರತದ ಸಂಹಿತೆಗಳೂ ಇದೇ ದಾರಿ ಹಿಡಿದವು. ಐಎಸ್ 456ರ 2000ದ ಆವೃತ್ತಿ 36 ಮಿ.ಮೀ.ಗಿಂತ ದಪ್ಪ ಕಂಬಿಗೆ ಲ್ಯಾಪ್ ಬೇಡ ಅಂದಿತು, ಆಮೇಲಿನ ತಿದ್ದುಪಡಿಯಲ್ಲಿ ಆ ಮಿತಿ 32ಕ್ಕೆ ಇಳಿಯಿತು. ಭೂಕಂಪಕ್ಕೆ ಅಂತಲೇ ಇರುವ ಐಎಸ್ 13920, ಕಾಲಂನ ಲ್ಯಾಪ್ ಎತ್ತರದ ನಡುವಿನ ಅರ್ಧ ಭಾಗದಲ್ಲೇ ಇರಬೇಕು ಅಂತ 1993ರಲ್ಲೇ ಹೇಳಿತು. ಕಪ್ಲರ್‌ಗಳಿಗೆ ಅಂತಲೇ ಐಎಸ್ 16172 ಬಂದದ್ದು 2014ರಲ್ಲಿ. ಈಗ ನಾನು ಶುರುವಿನಲ್ಲಿ ಹೇಳಿದ ದೃಶ್ಯಕ್ಕೆ ವಾಪಸ್ ಬನ್ನಿ. ಮೋಲ್ಡ್ ಮೇಲೆ ಎರಡಡಿ ನಿಂತ ಕಂಬಿ ಅಂದ್ರೆ ಲ್ಯಾಪ್ ಬೀಳೋದು ಕಾಲಂನ ಬುಡದಲ್ಲೇ. ಕ್ಯಾಲಿಫೋರ್ನಿಯಾದವರು ಬಿಟ್ಟ ಜಾಗ ಅದು.

ಹಾಗಾದ್ರೆ ಕಪ್ಲರ್ ಹಾಕಿದ್ರೆ ಮುಗೀತಾ? ನಾನೂ ಹಾಗೇ ಅಂದುಕೊಂಡಿದ್ದೆ. ಬೆಂಗಳೂರಿನ ಹೊರವಲಯದ ಒಂದು ಸೈಟಿನಲ್ಲಿ ರಾಫ್ಟ್ ಬುನಾದಿ ಹಾಕಿ, ಅದರಿಂದ ಮೇಲೆ ಬಂದ 32ರ ಕಂಬಿಗಳಿಗೆ ಕಾಲಂ ಜೋಡಿಸ್ತಾ ಇದ್ದೆವು. ಕಾಲಂ 600ಕ್ಕೆ 600, ಹದಿನಾರು ಕಂಬಿ. ಅಷ್ಟಕ್ಕೇ ಉಕ್ಕಿನ ಪ್ರಮಾಣ ಮೂರೂವರೆ ಪರ್ಸೆಂಟ್. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಲ್ಯಾಪ್ ಮಾಡಿದ್ರೆ ಏಳು ಪರ್ಸೆಂಟ್ ದಾಟುತ್ತೆ. ಸಂಹಿತೆಯ ಗರಿಷ್ಠ ಮಿತಿ ಆರು. ಹಾಗಾಗಿ ಕಪ್ಲರೇ ಗತಿ.

ಸಂಜೆ ಶಟರಿಂಗ್ ಮುಚ್ಚೋಕೆ ಮುಂಚೆ ಸುಮ್ಮನೆ ಟಾರ್ಚ್ ಹಾಕಿ ನೋಡಿದೆ. ಒಂದು ಕಪ್ಲರ್‌ನ ಕೆಳಗಡೆ ಮರೆಯ ಸುತ್ತುಗಳು ಪಕ್ಕದವುಗಳಿಗಿಂತ ಜಾಸ್ತಿ ಕಾಣ್ತಿದ್ದವು. ಕೈಯಲ್ಲಿ ಅಲ್ಲಾಡಿಸಿದೆ, ಗಟ್ಟಿಯಾಗೇ ಇತ್ತು. ಬಾರ್ ಬೆಂಡಿಂಗ್ ಮೇಸ್ತ್ರಿಯನ್ನ ಕರೆದೆ.

"ಟೈಟ್ ಆಗಿದೆ ಸಾರ್, ಇನ್ನು ತಿರುಗಲ್ಲ" ಅಂದ್ರು.

"ಬಿಚ್ಚಿ ನೋಡೋಣ ಅಣ್ಣ" ಅಂದೆ.

ಬಿಚ್ಚಿದಾಗ ಗೊತ್ತಾಯ್ತು. ರಾಫ್ಟ್ ಕಾಂಕ್ರೀಟ್ ಹಾಕುವಾಗ ಆ ಕಂಬಿಯ ಪ್ಲಾಸ್ಟಿಕ್ ಟೋಪಿ ಎಲ್ಲೋ ಬಿದ್ದುಹೋಗಿತ್ತು. ಸಿಮೆಂಟ್ ಹಾಲು ಮರೆಯ ಸಂದಿಯಲ್ಲಿ ಕೂತು ಗಟ್ಟಿಯಾಗಿತ್ತು. ಕಪ್ಲರ್ ಅರ್ಧ ದಾರಿಯಲ್ಲೇ ಕಚ್ಚಿಕೊಂಡು ನಿಂತಿತ್ತು. ಅರ್ಧ ಹಿಡಿದ ಕಪ್ಲರ್ ಕಂಬಿಯ ತೂಕವನ್ನ ಆರಾಮಾಗಿ ಹೊರುತ್ತೆ. 41 ಟನ್ ಎಳೆದಾಗ ಹೊರಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಅದು ಯಾರಿಗೂ ಕಾಣೋದೂ ಇಲ್ಲ. ಆ ಕಾಲಂ ಅವತ್ತು ಹಾಕಲಿಲ್ಲ. ವೈರ್ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ತಿರುಗಿಸಿ, ಟಾರ್ಕ್ ವ್ರೆಂಚ್‌ನಿಂದ ಬಿಗಿದು, ಪೇಂಟ್ ಗುರುತು ಹಾಕಿದ್ದು ಮಾರನೇ ದಿನ.

ಅವತ್ತಿನಿಂದ ನಾನು ಎರಡು ವಿಷಯ ತಪ್ಪದೆ ನೋಡ್ತೀನಿ. ಒಂದು, ಎರಡೂ ಕಡೆ ಹೊರಗೆ ಕಾಣುವ ಮರೆ ಎಷ್ಟು ಸುತ್ತು ಅನ್ನೋದು. ಇನ್ನೊಂದು, ಕವರ್. ಕಪ್ಲರ್ ಕಂಬಿಗಿಂತ ದಪ್ಪ, 32ರ ಕಂಬಿಗೆ ಹತ್ತಿರ ಹತ್ತಿರ 50 ಮಿ.ಮೀ. ಬರುತ್ತೆ. ಅದರ ಮೇಲೇ ರಿಂಗ್ ಕೂತರೆ ಅಲ್ಲಿ ಕವರ್ ಎಂಟೊಂಬತ್ತು ಮಿ.ಮೀ. ಕಮ್ಮಿ ಆಗುತ್ತೆ, ತುಕ್ಕಿಗೆ ದಾರಿ ಆಗುತ್ತೆ. ಹಾಗಾಗಿ ಆ ರಿಂಗನ್ನ ಸ್ವಲ್ಪ ಮೇಲೋ ಕೆಳಗೋ ಸರಿಸಬೇಕು.

ಬಾಗುವ ಬುಡದಲ್ಲಿ ಎಂಥ ಕಪ್ಲರ್ ಇರಬಹುದು ಅನ್ನೋದರ ಬಗ್ಗೆಯೂ ಸಂಹಿತೆಗಳು ಹುಷಾರಾಗಿವೆ. ಐಎಸ್ 13920ರ 2016ರ ಆವೃತ್ತಿ ಪ್ರಕಾರ, ಕಂಬಿಯ ಪೂರ್ತಿ ಕರ್ಷಣ ಬಲ ತಡೆಯುವಂಥವು ಮಾತ್ರ ಅಲ್ಲಿ ಬರಬಹುದು. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆ ಇನ್ನೂ ಕಟ್ಟುನಿಟ್ಟು. ಸೇತುವೆ ಕಂಬದ ಆ ಭಾಗದಲ್ಲಿ ಯಾವ ಜೋಡಣೆಯೂ ಬೇಡ, ಇಡೀ ಕಂಬಿಯೇ ಇರಲಿ ಅನ್ನುತ್ತೆ.

ಸಣ್ಣ ಕಂಬಿಗೆ ಲ್ಯಾಪ್ ಇವತ್ತಿಗೂ ಒಳ್ಳೇದೇ, ಸರಿಯಾದ ಜಾಗದಲ್ಲಿ, ಹತ್ತಿರ ಹತ್ತಿರ ರಿಂಗ್ ಹಾಕಿ ಕೊಟ್ಟರೆ. ದಪ್ಪ ಕಂಬಿಗೆ ಕಪ್ಲರ್ ಬಂದಾಗ ನಾವು ಕಾಂಕ್ರೀಟಿನ ಮೇಲಿದ್ದ ನಂಬಿಕೆಯನ್ನ ಎತ್ತಿ ಮರೆಯ ಮೇಲೆ ಇಟ್ಟೆವು, ಅಂದ್ರೆ ಅದನ್ನ ತಿರುಗಿಸುವ ಕೈ ಮೇಲೆ, ಆಮೇಲೆ ಟಾರ್ಚ್ ಹಾಕಿ ನೋಡುವ ಕಣ್ಣಿನ ಮೇಲೆ. ಮುಂದಿನ ಸಲ ಮನೆ ಕೆಲಸ ನಡೀತಿರೋ ಕಡೆ ಹೋದ್ರೆ, ಮೋಲ್ಡ್ ಮೇಲೆ ನಿಂತ ಕಂಬಿ ನೋಡಿ, ಲ್ಯಾಪ್ ಎಲ್ಲಿ ಬರುತ್ತೆ ಅಂತ ಮೇಸ್ತ್ರಿಯನ್ನ ಕೇಳಿ. ನಿಮ್ಮದೇ ಮನೆ ಆದ್ರೆ, ಶಟರಿಂಗ್ ಮುಚ್ಚೋಕೆ ಮುಂಚೆ ಕೇಳಿ.