ವಿದೇಶ ವ್ಯಾಸಂಗಕ್ಕಾಗಿ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ: ಕೇಂದ್ರ ಸರ್ಕಾರಿ ನೌಕರರಿಗೆ ಮಾಹಿತಿ

ಸೇವೆಯಲ್ಲಿದ್ದುಕೊಂಡೇ ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡಲಿಚ್ಛಿಸುವ ಕೇಂದ್ರ ಸರ್ಕಾರಿ ನೌಕರರು ತಮ್ಮ ಕಚೇರಿಯಿಂದ ಪಡೆಯಬೇಕಾದ ನಿರಾಕ್ಷೇಪಣಾ ಪತ್ರದ ಬಗ್ಗೆ ಇಲ್ಲಿ ಮಾಹಿತಿ ನೀಡಲಾಗಿದೆ. ರಾಜ್ಯ ಸರ್ಕಾರಿ ನೌಕರರಿಗೆ ರಾಜ್ಯದ ಸೇವಾ ನಿಯಮಗಳು ಅನ್ವಯಿಸುವುದರಿಂದ, ಅವರು ತಮ್ಮ ಇಲಾಖೆಯ ಸಿಬ್ಬಂದಿ ಶಾಖೆಯನ್ನು ಸಂಪರ್ಕಿಸತಕ್ಕದ್ದು.

ಒಂದೇ ಹೆಸರು, ಬೇರೆ ಬೇರೆ ಪತ್ರಗಳು

ಪಾಸ್‌ಪೋರ್ಟ್ ಅರ್ಜಿಯೊಡನೆ ಸಲ್ಲಿಸುವ ನಿರಾಕ್ಷೇಪಣಾ ಪತ್ರವು ಅನುಬಂಧ ‘ಜಿ’ ನಮೂನೆಯಲ್ಲಿರುತ್ತದೆ. ಪತ್ರ ದೊರೆಯುವುದು ತಡವಾದಲ್ಲಿ, ಅರ್ಜಿದಾರರು ಅನುಬಂಧ ‘ಹೆಚ್’ ನಮೂನೆಯಲ್ಲಿ ಕಚೇರಿಗೆ ಪೂರ್ವ ಸೂಚನೆ ನೀಡಿ, ಅದರ ಪ್ರತಿಯೊಡನೆ ಅರ್ಜಿ ಸಲ್ಲಿಸಬಹುದು. ಆದರೆ ಈ ಪತ್ರವು ಪಾಸ್‌ಪೋರ್ಟ್ ನೀಡಲು ಆಕ್ಷೇಪಣೆ ಇಲ್ಲವೆಂದು ಮಾತ್ರ ತಿಳಿಸುತ್ತದೆ. ಪಾಸ್‌ಪೋರ್ಟ್ ಕೈಗೆ ಬಂದ ಮಾತ್ರಕ್ಕೆ ದೇಶ ಬಿಟ್ಟು ಹೋಗಲು ಅನುಮತಿ ದೊರೆತಂತಾಗುವುದಿಲ್ಲ. ವೀಸಾ ಅರ್ಜಿಗೆ ಲಗತ್ತಿಸುವ ಪತ್ರವು ಬೇರೆಯೇ ಆಗಿದ್ದು, ರಜೆ ಮಂಜೂರಾತಿ ಆದೇಶವು ಇವೆರಡಕ್ಕಿಂತ ಭಿನ್ನವಾದುದು. ಅನೇಕ ಅರ್ಜಿದಾರರು ಎಡವುವುದು ಇಲ್ಲಿಯೇ.

ಅಧ್ಯಯನ ರಜೆ

ವೀಸಾ ಪತ್ರಕ್ಕೆ ಬಲ ಬರುವುದು ರಜೆ ಮಂಜೂರಾತಿ ಆದೇಶದಿಂದ. ಕೇಂದ್ರ ನಾಗರಿಕ ಸೇವಾ (ರಜೆ) ನಿಯಮಗಳು, 1972ರ ಪ್ರಕಾರ, ಪರೀಕ್ಷಾರ್ಥ ಅವಧಿಯೂ ಸೇರಿದಂತೆ ಕನಿಷ್ಠ 5 ವರ್ಷಗಳ ಕ್ರಮಬದ್ಧ ಸೇವೆ ಸಲ್ಲಿಸಿ, ಆ ಅವಧಿಯನ್ನು ತೃಪ್ತಿಕರವಾಗಿ ಪೂರೈಸಿದವರು ಅಧ್ಯಯನ ರಜೆಗೆ ಅರ್ಹರು. ಈ ರಜೆಯನ್ನು ಸಾಮಾನ್ಯವಾಗಿ ಒಮ್ಮೆಗೆ 12 ತಿಂಗಳು, ಇಡೀ ಸೇವಾವಧಿಯಲ್ಲಿ 24 ತಿಂಗಳವರೆಗೆ ನೀಡಬಹುದು. ವ್ಯಾಸಂಗದ ವಿಷಯಕ್ಕೂ ನೌಕರರ ಕರ್ತವ್ಯಕ್ಕೂ ನೇರ ಹಾಗೂ ನಿಕಟ ಸಂಬಂಧವಿರಬೇಕು. ಆ ವಿಷಯದ ವ್ಯಾಸಂಗಕ್ಕೆ ಭಾರತದಲ್ಲಿಯೇ ಸಾಕಷ್ಟು ಸೌಲಭ್ಯವಿದ್ದಲ್ಲಿ ವಿದೇಶ ವ್ಯಾಸಂಗಕ್ಕೆ ಈ ರಜೆ ದೊರೆಯುವುದಿಲ್ಲ. ಆದ್ದರಿಂದ, ಆ ನಿರ್ದಿಷ್ಟ ಕೋರ್ಸೇ ಏಕೆ ಅಗತ್ಯವೆಂಬುದನ್ನು ಅರ್ಜಿಯಲ್ಲಿ ವಿವರವಾಗಿ ಬರೆಯುವುದು ಒಳಿತು. ‘ಹೆಚ್ಚಿನ ಜ್ಞಾನಾರ್ಜನೆಗಾಗಿ’ ಎಂಬ ಒಂದು ಸಾಲು ಸಾಲದು.

ದಿನಾಂಕಗಳ ಹೊಂದಾಣಿಕೆ

ಉದಾಹರಣೆಗೆ, ಬೆಂಗಳೂರಿನ ಕೇಂದ್ರ ಕಚೇರಿಯೊಂದರ ಎಂಜಿನಿಯರೊಬ್ಬರಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಪ್ರವೇಶ ದೊರೆತಿದೆ ಎಂದು ಭಾವಿಸೋಣ. ಕೋರ್ಸಿನ ಅವಧಿ 21-9-2026ರಿಂದ 20-9-2027ರವರೆಗೆ. ಅವರು ವಸತಿ ವ್ಯವಸ್ಥೆಗಾಗಿ 8-9-2026ರಂದೇ ಹೊರಟು, 27-9-2027ರಂದು ಮರಳುವವರಿದ್ದಾರೆ. ಬ್ರಿಟನ್ನಿನ ನಿಯಮದಂತೆ, ಆರು ತಿಂಗಳಿಗಿಂತ ದೀರ್ಘವಾದ ಕೋರ್ಸಿಗೆ ಒಂದು ತಿಂಗಳು ಮುಂಚಿತವಾಗಿ ತಲುಪಲು ಅವಕಾಶವಿರುವುದರಿಂದ ವೀಸಾ ದೃಷ್ಟಿಯಿಂದ ತೊಡಕಿಲ್ಲ. ತೊಡಕಿರುವುದು ರಜೆಯಲ್ಲಿ. 12 ತಿಂಗಳ ಅಧ್ಯಯನ ರಜೆಯು ಕೋರ್ಸಿನ ಅವಧಿಗೇ ಮುಗಿದುಹೋಗುತ್ತದೆ. ಮೊದಲಿನ 13 ದಿನ ಹಾಗೂ ಕೊನೆಯ 7 ದಿನ, ಒಟ್ಟು 20 ದಿನಗಳಿಗೆ ಗಳಿಕೆ ರಜೆಯನ್ನು ಜೊತೆಗೂಡಿಸಿ ಕೋರಬೇಕು. ಹೀಗೆ ಜೊತೆಗೂಡಿಸಲು ನಿಯಮಗಳಲ್ಲಿ ಅವಕಾಶವಿದೆ. ಕೋರದೇ ಹೋದಲ್ಲಿ ಆ 20 ದಿನಗಳು ಅನಧಿಕೃತ ಗೈರುಹಾಜರಿಯಾಗುತ್ತವೆ. ಅಲ್ಲದೆ, ವೀಸಾ ಅಧಿಕಾರಿಗೆ ಪತ್ರದ ದಿನಾಂಕವೂ ಪ್ರಯಾಣದ ದಿನಾಂಕವೂ ತಾಳೆಯಾಗದೆ ಕಂಡು ಅರ್ಜಿದಾರರ ಉದ್ದೇಶದ ಬಗ್ಗೆ ಸಂದೇಹ ಮೂಡಬಹುದು.

ಪತ್ರದಲ್ಲಿ ಇರಬೇಕಾದುದು

ಕಚೇರಿಯ ಶಿರೋನಾಮೆಯುಳ್ಳ ಕಾಗದದಲ್ಲಿ ನೌಕರರ ಹೆಸರು (ಪಾಸ್‌ಪೋರ್ಟಿನಲ್ಲಿರುವಂತೆಯೇ), ಪದನಾಮ, ಸೇವೆಗೆ ಸೇರಿದ ದಿನಾಂಕ, ವಿಶ್ವವಿದ್ಯಾಲಯ ಹಾಗೂ ಕೋರ್ಸಿನ ಹೆಸರು, ರಜೆಯ ಆರಂಭ ಮತ್ತು ಅಂತ್ಯದ ದಿನಾಂಕ, ಮಂಜೂರಾತಿ ಆದೇಶದ ಸಂಖ್ಯೆ ಇರಬೇಕು. ಮೇಲಿನ ಉದಾಹರಣೆಯಲ್ಲಿ ‘8-9-2026ರಿಂದ 27-9-2027ರವರೆಗೆ ರಜೆ ಮಂಜೂರಾಗಿದ್ದು, 28-9-2027ರಂದು ಕರ್ತವ್ಯಕ್ಕೆ ಹಾಜರಾಗತಕ್ಕದ್ದು’ ಎಂಬ ವಾಕ್ಯವೇ ಪತ್ರದ ಜೀವಾಳ. ಶುಲ್ಕ ಹಾಗೂ ವಾಸದ ವೆಚ್ಚವನ್ನು ಯಾರು ಭರಿಸುವರೆಂಬುದನ್ನೂ ತಿಳಿಸತಕ್ಕದ್ದು. ಕಚೇರಿಯು ಭರಿಸದಿದ್ದಲ್ಲಿ ಹಾಗೆಂದೇ ಬರೆಯಿಸಿಕೊಳ್ಳುವುದು ಲೇಸು. ಪತ್ರಕ್ಕೆ ಸಹಿ ಮಾಡುವವರು ಸಕ್ಷಮ ಪ್ರಾಧಿಕಾರದವರಾಗಿರಬೇಕು. ಶಾಖೆಯ ಮೇಲ್ವಿಚಾರಕರು ಸ್ನೇಹಕ್ಕಾಗಿ ಬರೆದುಕೊಟ್ಟ ಪತ್ರ ಎಲ್ಲಿಯೂ ನಿಲ್ಲದು. ಮೊಹರು, ದಿನಾಂಕ, ಕಚೇರಿಯ ದೂರವಾಣಿ ಹಾಗೂ ಇ-ಮೇಲ್ ವಿಳಾಸ ಸ್ಪಷ್ಟವಾಗಿರಲಿ.

ಮುಚ್ಚಳಿಕೆ

ಅಧ್ಯಯನ ರಜೆ ಪಡೆಯುವವರು ನಿಗದಿತ ನಮೂನೆಯಲ್ಲಿ ಮುಚ್ಚಳಿಕೆ ಪತ್ರ ಬರೆದುಕೊಡಬೇಕು. ವ್ಯಾಸಂಗ ಪೂರ್ಣಗೊಳಿಸದಿದ್ದಲ್ಲಿ, ಮರಳಿ ಕರ್ತವ್ಯಕ್ಕೆ ಹಾಜರಾಗದಿದ್ದಲ್ಲಿ ಅಥವಾ ಹಾಜರಾದ 3 ವರ್ಷಗಳೊಳಗೆ ಸೇವೆ ತೊರೆದಲ್ಲಿ, ಪಡೆದ ರಜಾ ವೇತನ ಹಾಗೂ ಸರ್ಕಾರ ಭರಿಸಿದ ಇತರ ವೆಚ್ಚಗಳನ್ನು ಹಿಂದಿರುಗಿಸಬೇಕಾಗುತ್ತದೆ. ವಿದೇಶದಲ್ಲಿಯೇ ಕೆಲಸ ದೊರೆತು ಅಲ್ಲಿಂದಲೇ ರಾಜೀನಾಮೆ ಕಳುಹಿಸಿದರೂ ಈ ಹೊಣೆ ತಪ್ಪದು. ಸಹಿ ಮಾಡುವ ಮುನ್ನ ಕುಟುಂಬದವರೊಡನೆ ಲೆಕ್ಕ ಹಾಕಿ ನೋಡುವುದು ಸೂಕ್ತ.

ವಿಶ್ವವಿದ್ಯಾಲಯದ ಮುಂಗಡ ಶುಲ್ಕವನ್ನು ರಜೆ ಮಂಜೂರಾತಿಗೆ ಮೊದಲೇ ಪಾವತಿಸಬೇಕಾದ ಸಂದರ್ಭದಲ್ಲಿ, ರಜೆ ನಿರಾಕರಿಸಲ್ಪಟ್ಟರೆ ಆ ಹಣ ಮರಳುವುದೇ ಎಂಬುದನ್ನು ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಕೇಳಿ ತಿಳಿಯತಕ್ಕದ್ದು. ರಜೆ ಅರ್ಜಿಯನ್ನು ಮೇಲಧಿಕಾರಿಗಳ ಮುಖಾಂತರ ಸಲ್ಲಿಸಿ, ಸ್ವೀಕೃತಿಯ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು.